ತೀವ್ರ ಮೊಡವೆಗೆ ಐಸೋಟ್ರೆಟಿನಾಯಿನ್: ಔಷಧದ ಲೆಕ್ಕ ಮತ್ತು ಮದುವೆಯ ಲೆಕ್ಕ

ಯೌವನದಲ್ಲಿ ಮುಖದ ಮೇಲೆ ನಾಲ್ಕಾರು ಮೊಡವೆಗಳು ಮೂಡಿ ಮಾಯವಾಗುವುದು ಸಹಜ. ಅದಕ್ಕೆ ದೊಡ್ಡ ಚಿಕಿತ್ಸೆ ಬೇಕಿಲ್ಲ. ಆದರೆ ಕೆಲವರಲ್ಲಿ ಮೊಡವೆಗಳು ಚರ್ಮದ ಆಳದಲ್ಲಿ ಗಂಟುಗಂಟಾಗಿ ಬೆಳೆಯುತ್ತವೆ. ಮುಟ್ಟಿದರೆ ನೋಯುತ್ತವೆ, ಕೀವು ತುಂಬಿಕೊಳ್ಳುತ್ತವೆ, ವಾಸಿಯಾದ ಮೇಲೂ ಕೆನ್ನೆ, ಬೆನ್ನು, ಎದೆಯ ಮೇಲೆ ಗುಳಿಗಳನ್ನು ಉಳಿಸಿಹೋಗುತ್ತವೆ. ಹಚ್ಚುವ ಮುಲಾಮು, ನುಂಗುವ ಆ್ಯಂಟಿಬಯಾಟಿಕ್ ಮಾತ್ರೆಗಳಿಂದ ಇಂತಹ ಮೊಡವೆ ಹತೋಟಿಗೆ ಬಾರದಿದ್ದಾಗ ಚರ್ಮರೋಗ ತಜ್ಞರು ಐಸೋಟ್ರೆಟಿನಾಯಿನ್ ಎಂಬ ಔಷಧವನ್ನು ಬರೆದುಕೊಡುತ್ತಾರೆ.

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಹಳ್ಳಿಗಳಿಂದ ಈ ಚಿಕಿತ್ಸೆಗಾಗಿ ಮೈಸೂರಿನ ಆಸ್ಪತ್ರೆಗಳಿಗೆ ಬರುವ ಯುವತಿಯರಲ್ಲಿ ಅನೇಕರು ಬರುವುದು ಮದುವೆಯ ಮಾತುಕತೆ ಆರಂಭವಾಗುವ ಹೊತ್ತಿಗೆ. ಹೆಣ್ಣು ನೋಡಲು ಬರುವವರ ಮುಂದೆ ಮುಖ ತಿಳಿಯಾಗಿರಲಿ ಎಂಬುದು ಹೆತ್ತವರ ಆಸೆ. ಆ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಈ ಔಷಧದ ಅತಿ ದೊಡ್ಡ ಅಪಾಯ ಅದನ್ನು ಸೇವಿಸುವವಳಿಗಿಂತಲೂ ಅವಳ ಗರ್ಭದಲ್ಲಿ ಮೂಡಬಹುದಾದ ಶಿಶುವಿಗೆ. ಆದ್ದರಿಂದ ಔಷಧದ ದಿನಗಳನ್ನೂ ಮದುವೆಯ ದಿನಗಳನ್ನೂ ಒಟ್ಟಿಗೆ ಇಟ್ಟುಕೊಂಡು ಲೆಕ್ಕ ಹಾಕುವುದನ್ನು ಪ್ರತಿಯೊಂದು ಮನೆಯವರೂ ತಿಳಿದಿರಬೇಕು. ಈ ಲೇಖನದ ಉದ್ದೇಶ ಅದೇ.

ಇದು ಎಂತಹ ಔಷಧ?

ಐಸೋಟ್ರೆಟಿನಾಯಿನ್ 'ಎ' ಜೀವಸತ್ವದ ಸಂಬಂಧಿ. ನಮ್ಮ ಚರ್ಮದಲ್ಲಿ ಜಿಡ್ಡನ್ನು ಸ್ರವಿಸುವ ಸಣ್ಣ ಗ್ರಂಥಿಗಳಿವೆ. ಅವುಗಳ ಬಾಯಿ ಕಟ್ಟಿಕೊಂಡು, ಒಳಗೆ ಜಿಡ್ಡು ತುಂಬಿ, ಅಲ್ಲಿ ರೋಗಾಣುಗಳು ಬೆಳೆದು ಉರಿಯೂತವಾಗುವುದೇ ಮೊಡವೆ. ಈ ಔಷಧವು ಜಿಡ್ಡಿನ ಗ್ರಂಥಿಗಳನ್ನೇ ಕುಗ್ಗಿಸುತ್ತದೆ. ಜಿಡ್ಡು ಕಡಿಮೆಯಾದಾಗ ರಂಧ್ರಗಳು ಕಟ್ಟಿಕೊಳ್ಳುವುದಿಲ್ಲ, ರೋಗಾಣುಗಳಿಗೆ ಆಹಾರವೂ ಸಿಗುವುದಿಲ್ಲ. ಆದ್ದರಿಂದಲೇ ಬೇರೆ ಔಷಧಗಳಿಗೆ ಬಗ್ಗದ ಮೊಡವೆ ಇದಕ್ಕೆ ಬಗ್ಗುತ್ತದೆ.

1982ರಲ್ಲಿ ಅಮೆರಿಕದಲ್ಲಿ ಇದರ ಮಾರಾಟಕ್ಕೆ ಅನುಮತಿ ದೊರೆಯಿತು. ಮರುವರ್ಷದಿಂದಲೇ, ಗರ್ಭಿಣಿಯರಾಗಿದ್ದಾಗ ಇದನ್ನು ಸೇವಿಸಿದ ತಾಯಂದಿರ ಮಕ್ಕಳು ಗಂಭೀರ ಅಂಗವೈಕಲ್ಯಗಳೊಂದಿಗೆ ಜನಿಸಿದ ವರದಿಗಳು ಬರತೊಡಗಿದವು. ಕಿವಿಯೇ ರೂಪುಗೊಳ್ಳದಿರುವುದು, ಹೃದಯದ ರಚನೆಯ ದೋಷ, ಮಿದುಳಿನಲ್ಲಿ ನೀರು ತುಂಬಿಕೊಳ್ಳುವುದು, ಬುದ್ಧಿಯ ಬೆಳವಣಿಗೆ ಕುಂಠಿತವಾಗುವುದು ಇವುಗಳಲ್ಲಿ ಮುಖ್ಯ. ಗರ್ಭಪಾತಗಳೂ ಹೆಚ್ಚು. ಗರ್ಭದ ಮೊದಲ ವಾರಗಳಲ್ಲಿ ಔಷಧ ತಗುಲಿದ ಶಿಶುಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಇಂತಹ ದೊಡ್ಡ ದೋಷ ಉಂಟಾಗಬಹುದು. ಕೆಲವೇ ದಿನ ಸೇವಿಸಿದರೂ, ಕಡಿಮೆ ಪ್ರಮಾಣದಲ್ಲಿ ಸೇವಿಸಿದರೂ ಅಪಾಯ ತಪ್ಪಿದ್ದಲ್ಲ. ತಾನು ಗರ್ಭಿಣಿ ಎಂದು ಹೆಣ್ಣುಮಗಳಿಗೆ ತಿಳಿಯುವ ಮೊದಲೇ ಶಿಶುವಿನ ಅಂಗಗಳು ರೂಪುಗೊಳ್ಳತೊಡಗಿರುತ್ತವೆ ಎಂಬುದೇ ಇಲ್ಲಿನ ಕಷ್ಟ.

ಈ ಕಾರಣದಿಂದ ಅಮೆರಿಕದಲ್ಲಿ 2006ರಿಂದ ವೈದ್ಯರು, ಔಷಧದಂಗಡಿಯವರು, ರೋಗಿಗಳು ಎಲ್ಲರೂ ಹೆಸರು ನೋಂದಾಯಿಸಿಕೊಂಡೇ ಈ ಔಷಧವನ್ನು ಕೊಡುವ, ಪಡೆಯುವ ಕಡ್ಡಾಯ ವ್ಯವಸ್ಥೆ ಬಂದಿದೆ. ನಮ್ಮ ದೇಶದಲ್ಲಿ ಇದು ವೈದ್ಯರ ಚೀಟಿಯ ಮೇಲೆ ಮಾತ್ರ ಮಾರಬೇಕಾದ ಔಷಧ, ಆದರೆ ಅಂತಹ ನೋಂದಣಿ ಇಲ್ಲ. ಹಾಗಾಗಿ ಇಲ್ಲಿ ಕಾವಲಿನ ಹೊಣೆ ವೈದ್ಯರ ಮೇಲೂ ಮನೆಯವರ ಮೇಲೂ ಹೆಚ್ಚಾಗಿ ಬೀಳುತ್ತದೆ.

ಒಂದು ಉದಾಹರಣೆಯ ಲೆಕ್ಕ

ತಿ. ನರಸೀಪುರದ ಕಡೆಯ ಇಪ್ಪತ್ತೆರಡು ವರ್ಷದ ಯುವತಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಅವಳ ತೂಕ 50 ಕಿಲೋ. ಈ ಔಷಧವನ್ನು ದೇಹದ ತೂಕಕ್ಕೆ ತಕ್ಕಂತೆ ಕೊಡುತ್ತಾರೆ. ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು ಅರ್ಧ ಮಿ.ಗ್ರಾಂ.ನಿಂದ ಒಂದು ಮಿ.ಗ್ರಾಂ. ವರೆಗೆ ವಾಡಿಕೆ. ಇಡೀ ಚಿಕಿತ್ಸೆಯಲ್ಲಿ ಒಟ್ಟು ಎಷ್ಟು ಔಷಧ ದೇಹ ಸೇರಬೇಕು ಎಂಬ ಗುರಿಯನ್ನೂ ಅನೇಕ ವೈದ್ಯರು ಇಟ್ಟುಕೊಳ್ಳುತ್ತಾರೆ. ಅದು ಪ್ರತಿ ಕಿಲೋಗೆ 120 ಮಿ.ಗ್ರಾಂ. ಎಂದಿಟ್ಟುಕೊಂಡರೆ ಇವಳಿಗೆ ಒಟ್ಟು 6,000 ಮಿ.ಗ್ರಾಂ. ಆಗುತ್ತದೆ.

ಮೊದಲ ತಿಂಗಳಲ್ಲಿ ಪ್ರಮಾಣ ಹೆಚ್ಚಾದರೆ ಮೊಡವೆಗಳು ಒಮ್ಮೆಲೇ ಕೆರಳಬಹುದು. ಆದ್ದರಿಂದ ಜೂನ್ ಒಂದರಿಂದ 30 ದಿನ ದಿನಕ್ಕೆ 10 ಮಿ.ಗ್ರಾಂ. ಕೊಟ್ಟರೆಂದುಕೊಳ್ಳಿ. ಅದು 300 ಆಯಿತು. ಮುಂದಿನ 30 ದಿನ ದಿನಕ್ಕೆ 20ರಂತೆ 600. ಉಳಿದದ್ದು 5,100. ದಿನಕ್ಕೆ 30ರಂತೆ ಅದಕ್ಕೆ 170 ದಿನ ಬೇಕು. ಒಟ್ಟು 230 ದಿನ, ಅಂದರೆ ಸುಮಾರು ಏಳೂವರೆ ತಿಂಗಳು. ಕೊನೆಯ ಗುಳಿಗೆ ಜನವರಿ ನಡುವಿಗೆ ಬರುತ್ತದೆ.

ಔಷಧ ನಿಲ್ಲಿಸಿದ ಕೂಡಲೇ ಅದು ದೇಹದಿಂದ ಹೋಗಿಬಿಡುವುದಿಲ್ಲ. ಪೂರ್ಣವಾಗಿ ಹೋಗಲು ಒಂದು ತಿಂಗಳ ಬಿಡುವು ಕೊಡಬೇಕೆಂಬುದು ನಿಯಮ. ಆದ್ದರಿಂದ ಈ ಯುವತಿ ಫೆಬ್ರವರಿ ನಡುವಿನವರೆಗೆ ಗರ್ಭ ಧರಿಸುವಂತಿಲ್ಲ. ಆ ಬಳಿಕ ಧರಿಸಿದ ಗರ್ಭಕ್ಕೆ ಈ ಔಷಧದ ಅಪಾಯವಿಲ್ಲ. ಮುಂದೆ ಮಕ್ಕಳಾಗುವುದಕ್ಕೂ ಇದು ಅಡ್ಡಿಯಾಗುವುದಿಲ್ಲ. ಹಲವು ತಾಯಂದಿರ ಮನಸ್ಸಿನಲ್ಲಿ ಈ ಭಯವಿರುವುದರಿಂದ ಇದನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ.

ಈಗ ಚಿಕಿತ್ಸೆ ನಡೆಯುತ್ತಿರುವಾಗಲೇ ಗಂಡು ಗೊತ್ತಾಗಿ, ನವೆಂಬರ್ ತಿಂಗಳಲ್ಲಿ ಮುಹೂರ್ತ ನಿಶ್ಚಯವಾಯಿತೆಂದುಕೊಳ್ಳಿ. ಮುಹೂರ್ತದ ಗಡಿಬಿಡಿಯಲ್ಲಿ ಚರ್ಮದ ವೈದ್ಯರಿಗೆ ಈ ಸುದ್ದಿ ಮುಟ್ಟಿಸುವುದು ಯಾರಿಗೂ ನೆನಪಾಗುವುದಿಲ್ಲ. ಹುಡುಗಿ ಗುಳಿಗೆಯ ಪಟ್ಟಿಯನ್ನು ತವರಿನಿಂದ ಗಂಡನ ಮನೆಗೆ ಒಯ್ಯುತ್ತಾಳೆ. ಅನಾಹುತಕ್ಕೆ ದಾರಿಯಾಗುವುದು ಹೀಗೆ. ಮದುವೆ ನಿಶ್ಚಯವಾದ ವಾರದಲ್ಲೇ ವೈದ್ಯರಿಗೆ ತಿಳಿಸಿದರೆ ಎರಡು ದಾರಿಗಳಿವೆ. ಮದುವೆಗೆ ಒಂದು ತಿಂಗಳು ಮೊದಲೇ ಔಷಧವನ್ನು ನಿಲ್ಲಿಸುವುದು ಮೊದಲನೆಯದು. ಅರ್ಧಕ್ಕೆ ನಿಲ್ಲಿಸುವುದರಿಂದ ದೇಹಕ್ಕೆ ಕೇಡಿಲ್ಲ, ಮೊಡವೆ ಮರಳುವ ಸಂಭವ ಮಾತ್ರ ಹೆಚ್ಚು. ಎರಡನೆಯದು, ಔಷಧವನ್ನು ಮುಂದುವರಿಸಿ, ಕೊನೆಯ ಗುಳಿಗೆಯ ನಂತರದ ಒಂದು ತಿಂಗಳವರೆಗೂ ಗರ್ಭ ನಿಲ್ಲದಂತೆ ದಂಪತಿಗಳು ಎಚ್ಚರ ವಹಿಸುವುದು. ಎರಡನೆಯ ದಾರಿ ಹಿಡಿದರೆ ಗಂಡನಿಗೆ ವಿಷಯ ತಿಳಿದಿರಲೇಬೇಕು. ಮದುವೆಯಾದ ಮೂರನೆಯ ತಿಂಗಳಿಗೇ 'ಏನಾದರೂ ವಿಶೇಷವೇ?' ಎಂದು ಕೇಳುವ ಹಿರಿಯರಿರುವ ಮನೆಗಳಲ್ಲಿ ಅತ್ತೆಯವರಿಗೂ ಹೇಳಿಟ್ಟರೆ ಹುಡುಗಿಯ ಮೇಲಿನ ಒತ್ತಡ ತಗ್ಗುತ್ತದೆ.

ಗರ್ಭ ತಡೆಯುವ ಕ್ರಮ

ಔಷಧ ಆರಂಭಿಸುವ ಮೊದಲು ಗರ್ಭಪರೀಕ್ಷೆ ಮಾಡಿಸುತ್ತಾರೆ. ಮುಂದಿನ ಮುಟ್ಟಿನ ಎರಡನೆಯ ಅಥವಾ ಮೂರನೆಯ ದಿನ ಮೊದಲ ಗುಳಿಗೆ ಸೇವಿಸುವುದು ವಾಡಿಕೆ. ಗರ್ಭವಿಲ್ಲವೆಂಬುದು ಆಗ ಖಚಿತವಾಗಿರುತ್ತದೆ. ಬಳಿಕ ತಿಂಗಳಿಗೊಮ್ಮೆ ಪರೀಕ್ಷೆ, ಕೊನೆಯ ಗುಳಿಗೆಯ ಒಂದು ತಿಂಗಳ ನಂತರ ಮತ್ತೊಂದು. 'ನಿಶ್ಚಯ್' ಹೆಸರಿನ ಪರೀಕ್ಷಾ ಪಟ್ಟಿಯನ್ನು ಸರ್ಕಾರ ಆಶಾ ಕಾರ್ಯಕರ್ತೆಯರ ಮೂಲಕ ಒದಗಿಸುತ್ತದೆ.

ಮದುವೆಯಾಗದ ಮಗಳಿಗೆ ಗರ್ಭಪರೀಕ್ಷೆಯೇ ಎಂದು ಕೆಲವು ತಂದೆತಾಯಿಗಳಿಗೆ ಬೇಸರವಾಗುತ್ತದೆ. ವೈದ್ಯರು ಮಗಳನ್ನು ಐದು ನಿಮಿಷ ಪ್ರತ್ಯೇಕವಾಗಿ ಮಾತನಾಡಿಸಿದರೆ ಮುಖ ಸಣ್ಣದಾಗುತ್ತದೆ. ಇದು ಮಗಳ ನಡತೆಯ ಮೇಲಿನ ಸಂಶಯವಲ್ಲ. ಔಷಧ ಸೇವಿಸುವ, ಮುಟ್ಟಾಗುವ ವಯಸ್ಸಿನ ಪ್ರತಿಯೊಬ್ಬ ಹೆಣ್ಣುಮಗಳಿಗೂ ಅನ್ವಯಿಸುವ ಒಂದೇ ನಿಯಮ. ದಯವಿಟ್ಟು ಆ ಐದು ನಿಮಿಷ ಹೊರಗೆ ಕುಳಿತುಕೊಳ್ಳಿ.

ವಿವಾಹಿತೆಯರು ಔಷಧ ಆರಂಭಿಸುವ ಒಂದು ತಿಂಗಳು ಮೊದಲಿನಿಂದಲೇ ಗರ್ಭನಿರೋಧಕ ಕ್ರಮವನ್ನು ಅನುಸರಿಸಬೇಕು. ಕಾಂಡೋಮ್ ಒಂದನ್ನೇ ನಂಬುವುದು ಸಾಲದು. ದಿನಗಳನ್ನು ಎಣಿಸಿ ದೂರವಿರುವ ಪದ್ಧತಿಯನ್ನಂತೂ ನಂಬಲೇಬಾರದು. ವಂಕಿ ಅಥವಾ ಕಾಪರ್-ಟಿ, ನಿತ್ಯ ಸೇವಿಸುವ ಗರ್ಭನಿರೋಧಕ ಗುಳಿಗೆ, ಮೂರು ತಿಂಗಳಿಗೊಮ್ಮೆ ಕೊಡುವ 'ಅಂತರ' ಚುಚ್ಚುಮದ್ದು ಇವುಗಳಲ್ಲಿ ತಮಗೆ ಒಪ್ಪುವ ಒಂದರ ಜೊತೆಗೆ ಕಾಂಡೋಮ್ ಸೇರಿದರೆ ಕಾವಲು ಭದ್ರ. ಸರ್ಕಾರಿ ಆಸ್ಪತ್ರೆಗಳ ಕುಟುಂಬ ಯೋಜನೆಯಲ್ಲಿ ಇವು ಉಚಿತ.

ಇಷ್ಟಾದರೂ ಮುಟ್ಟು ತಪ್ಪಿದರೆ ಅಂದೇ ಗುಳಿಗೆಯನ್ನು ನಿಲ್ಲಿಸಿ ಪರೀಕ್ಷೆ ಮಾಡಿಸಬೇಕು. ಗರ್ಭವೆಂದು ತಿಳಿದರೆ ಮುಚ್ಚಿಡದೆ ತಡಮಾಡದೆ ಪ್ರಸೂತಿ ತಜ್ಞರನ್ನು ಕಾಣಬೇಕು. ಮುಂದಿನ ನಿರ್ಧಾರಕ್ಕೆ ದಿನಗಳ ಲೆಕ್ಕ ಮುಖ್ಯ. ಬೈಗುಳಕ್ಕೆ ಹೆದರಿ ಕಳೆಯುವ ವಾರಗಳು ಮರಳಿ ಸಿಗುವುದಿಲ್ಲ.

ಇನ್ನೊಂದು ಅಪಾಯ ಮನೆಯೊಳಗೇ ಇದೆ. ಅಕ್ಕನ ಮುಖ ತಿಳಿಯಾದುದನ್ನು ಕಂಡು ಉಳಿದ ಗುಳಿಗೆಗಳನ್ನು ತಂಗಿಯೋ ಹೊಸದಾಗಿ ಬಂದ ನಾದಿನಿಯೋ ನುಂಗುವುದುಂಟು. ಅವರು ಯಾವ ಪರೀಕ್ಷೆಯನ್ನೂ ಮಾಡಿಸಿಕೊಂಡಿರುವುದಿಲ್ಲ. ಉಳಿದ ಗುಳಿಗೆಗಳನ್ನು ಆಸ್ಪತ್ರೆಗೆ ಹಿಂದಿರುಗಿಸಿ. ಗಂಡುಮಕ್ಕಳು ಈ ಔಷಧ ಸೇವಿಸುತ್ತಿದ್ದರೆ ಅವರ ಪತ್ನಿಯ ಗರ್ಭಕ್ಕೆ ಅದರಿಂದ ತೊಂದರೆಯಿಲ್ಲ. ಆದರೆ ಗಂಡಾಗಲಿ ಹೆಣ್ಣಾಗಲಿ, ಔಷಧ ಸೇವಿಸುವಾಗಲೂ ಆಮೇಲಿನ ಒಂದು ತಿಂಗಳೂ ರಕ್ತದಾನ ಮಾಡಬಾರದು. ಜಾತ್ರೆ, ಜಯಂತಿಗಳ ರಕ್ತದಾನ ಶಿಬಿರದಲ್ಲಿ ಉತ್ಸಾಹದಿಂದ ಸಾಲಿನಲ್ಲಿ ನಿಲ್ಲುವ ಯುವಕರು ಇದನ್ನು ನೆನಪಿಡಬೇಕು. ಆ ರಕ್ತ ಯಾವುದೋ ಗರ್ಭಿಣಿಗೆ ಸೇರಬಹುದು.

ಊಟದೊಡನೆಯೇ ಗುಳಿಗೆ

ಈ ಔಷಧ ಜಿಡ್ಡಿನಲ್ಲಿ ಕರಗುವಂಥದು. ಬರಿಹೊಟ್ಟೆಯಲ್ಲಿ ನುಂಗಿದರೆ ಅರ್ಧದಷ್ಟೂ ರಕ್ತಕ್ಕೆ ಸೇರದೆ ಹೋಗಬಹುದು. ಪೂಜೆಗೆ ಮೊದಲು ಏನನ್ನೂ ಸೇವಿಸದವರು ಬೆಳಗಿನ ಗುಳಿಗೆಯನ್ನು ಪೂಜೆ, ಪ್ರಸಾದದ ನಂತರಕ್ಕೆ ಇಟ್ಟುಕೊಳ್ಳಬೇಕು. ಸೋಮವಾರ ಒಪ್ಪೊತ್ತು ಮಾಡುವವರು ಊಟ ಮಾಡುವ ಹೊತ್ತಿಗೇ ಗುಳಿಗೆಯನ್ನು ತೆಗೆದುಕೊಳ್ಳಬೇಕು. ನಮ್ಮ ನಂಜನಗೂಡಿನ ರಸಬಾಳೆ ಎಷ್ಟೇ ಸವಿಯಾಗಿದ್ದರೂ ಅದರಲ್ಲಿ ಕೊಬ್ಬಿಲ್ಲದ ಕಾರಣ ಒಂದು ಬಾಳೆಹಣ್ಣಿನೊಡನೆ ನುಂಗುವುದು ಬರಿಹೊಟ್ಟೆಯಲ್ಲಿ ನುಂಗಿದಂತೆಯೇ. ಒಗ್ಗರಣೆಯ ಸಾರು, ಕಡಲೆಕಾಯಿ ಚಟ್ನಿ ಅಥವಾ ಚಮಚ ತುಪ್ಪವಿರುವ ಊಟ ಸಾಕು.

'ಎ' ಜೀವಸತ್ವದ ಮಾತ್ರೆ, ಮೀನೆಣ್ಣೆಯ ಗುಳಿಗೆಗಳನ್ನು ಇದರೊಡನೆ ಸೇವಿಸಬಾರದು. ಸೊಪ್ಪು, ಕ್ಯಾರೆಟ್, ಪಪ್ಪಾಯಿಗಳನ್ನು ಬಿಡಬೇಕಿಲ್ಲ. ಮೊಡವೆಗೆಂದೇ ಹಿಂದೆ ಕೊಟ್ಟಿದ್ದ ಡಾಕ್ಸಿಸೈಕ್ಲಿನ್ ಜಾತಿಯ ಮಾತ್ರೆಗಳು ಮನೆಯಲ್ಲಿ ಉಳಿದಿದ್ದರೆ ಅವನ್ನೂ ಜೊತೆಗೆ ನುಂಗಬಾರದು. ಎರಡೂ ಸೇರಿದರೆ ತಲೆಬುರುಡೆಯೊಳಗಿನ ಒತ್ತಡ ಏರಬಹುದು. ಬಿಡದ ತಲೆನೋವು, ವಾಂತಿ, ಕಣ್ಣು ಮಂಜಾಗುವುದು ಅದರ ಗುರುತು. ಹಾಗಾದರೆ ಔಷಧವನ್ನು ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು.

ಒಣಗುವ ತುಟಿ

ಈ ಔಷಧ ಸೇವಿಸುವ ಬಹುತೇಕ ಎಲ್ಲರ ತುಟಿಯೂ ಒಣಗುತ್ತದೆ. ಇದು ಎಷ್ಟು ಸಾಮಾನ್ಯವೆಂದರೆ, ಪೂರ್ಣ ಪ್ರಮಾಣ ತಲುಪಿದ ಮೇಲೂ ತುಟಿ ಒಣಗದಿದ್ದರೆ ಗುಳಿಗೆ ಸರಿಯಾಗಿ ಸೇವನೆಯಾಗುತ್ತಿದೆಯೇ, ಊಟದೊಡನೆ ನುಂಗುತ್ತಿದ್ದಾರೆಯೇ ಎಂದು ವೈದ್ಯರು ವಿಚಾರಿಸುತ್ತಾರೆ.

ಪರಿಮಳವಿಲ್ಲದ ಬಿಳಿಯ ಪೆಟ್ರೋಲಿಯಂ ಜೆಲ್ಲಿಯನ್ನು ಮೊದಲ ದಿನದಿಂದಲೇ ಹಚ್ಚತೊಡಗಬೇಕು. ತುಟಿ ಬಿರಿದ ಮೇಲೆ ಹಚ್ಚುವುದಕ್ಕಿಂತ ಬಿರಿಯದಂತೆ ಕಾಯುವುದು ಸುಲಭ. ದಿನಕ್ಕೆ ಆರೇಳು ಬಾರಿ, ಊಟದ ಬಳಿಕ, ಮಲಗುವ ಮೊದಲು ದಪ್ಪವಾಗಿ ಹಚ್ಚಬೇಕು. ನಾಲಗೆಯಿಂದ ತುಟಿ ಸವರುವುದು, ಸುಲಿಯುವ ಸಿಪ್ಪೆಯನ್ನು ಕೀಳುವುದು ಬೇಡ. ಬಾಯಿಯ ಮೂಲೆಗಳಲ್ಲಿ ಹಳದಿ ಹೊಪ್ಪಳೆ ಕಟ್ಟಿ ಉರಿಯತೊಡಗಿದರೆ ಅದು ಬರಿಯ ಒಣಗುವಿಕೆಯಲ್ಲ, ಸೋಂಕು ತಗುಲಿದೆ ಎಂದು ತಿಳಿದು ತೋರಿಸಬೇಕು. ಮೂಗಿನ ಒಳಭಾಗವೂ ಒಣಗಿ ರಕ್ತ ಸೋರಬಹುದು. ಅಲ್ಲಿಗೂ ಅದೇ ಜೆಲ್ಲಿಯನ್ನು ತೆಳುವಾಗಿ ಸವರಿದರೆ ಸಾಕು. ಚರ್ಮ ಬಿಸಿಲಿಗೆ ಬೇಗ ಕೆಂಪಾಗುವುದರಿಂದ ಗದ್ದೆ ಕೆಲಸಕ್ಕೆ ಹೋಗುವವರು ತಲೆಗೆ ಅಗಲವಾದ ಟೋಪಿ, ತೋಳು ಮುಚ್ಚುವ ಬಟ್ಟೆ ಧರಿಸಬೇಕು. ಮದುವೆಯ ಅಲಂಕಾರಕ್ಕಾಗಿ ವ್ಯಾಕ್ಸ್ ಮಾಡಿಸಿದರೆ ಚರ್ಮವೇ ಕಿತ್ತುಬರಬಹುದು. ಇದನ್ನು ಬ್ಯೂಟಿ ಪಾರ್ಲರಿನವರಿಗೆ ಮೊದಲೇ ಹೇಳಬೇಕು.

ರಕ್ತಪರೀಕ್ಷೆ ಏಕೆ, ಹೇಗೆ?

ಈ ಔಷಧ ಕೆಲವರಲ್ಲಿ ಪಿತ್ತಜನಕಾಂಗಕ್ಕೆ, ಅಂದರೆ ಲಿವರ್‌ಗೆ ತುಸು ಶ್ರಮ ಕೊಡುತ್ತದೆ, ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ಏರಿಸುತ್ತದೆ. ಆದ್ದರಿಂದ ಆರಂಭಕ್ಕೆ ಮೊದಲೊಮ್ಮೆ, ಪ್ರಮಾಣ ಹೆಚ್ಚಿಸಿದ ನಂತರ, ಅಂದರೆ ಸುಮಾರು ಎರಡನೆಯ ತಿಂಗಳ ಹೊತ್ತಿಗೆ ಮತ್ತೊಮ್ಮೆ ಪರೀಕ್ಷಿಸುತ್ತಾರೆ. ಆಗ ಎಲ್ಲವೂ ಸರಿಯಿದ್ದರೆ ಆರೋಗ್ಯವಂತರಲ್ಲಿ ಪದೇ ಪದೇ ಪರೀಕ್ಷೆ ಬೇಕಾಗುವುದಿಲ್ಲ.

ವರದಿಯನ್ನು ತಪ್ಪಾಗಿ ಓದುವ ಎರಡು ಸಂದರ್ಭಗಳಿವೆ. ನಮ್ಮ ಉದಾಹರಣೆಯ ಯುವತಿಯ ಟ್ರೈಗ್ಲಿಸರೈಡ್ ಮೊದಲು 110 ಇತ್ತು, ಎರಡನೆಯ ಪರೀಕ್ಷೆಯಲ್ಲಿ 290 ಬಂದಿತು ಎಂದುಕೊಳ್ಳಿ. ವಿಚಾರಿಸಿದರೆ ಅವಳು ಹಬ್ಬದ ಒಬ್ಬಟ್ಟು ತುಪ್ಪ ಉಂಡು ಅಂದು ಮಧ್ಯಾಹ್ನವೇ ರಕ್ತ ಕೊಟ್ಟಿದ್ದಳು. ಹನ್ನೆರಡು ಗಂಟೆ ನೀರು ಬಿಟ್ಟು ಬೇರೇನೂ ಸೇವಿಸದೆ ಬೆಳಿಗ್ಗೆ ಮತ್ತೆ ಕೊಟ್ಟಾಗ ಅದು 165. ಇದು 150ರ ಸಾಮಾನ್ಯ ಮಿತಿಗಿಂತ ತುಸು ಹೆಚ್ಚು ಅಷ್ಟೆ, ಔಷಧವನ್ನು ನಿಲ್ಲಿಸಬೇಕಾದುದಲ್ಲ. ಉಪವಾಸದ ರಕ್ತದಲ್ಲೇ 500 ದಾಟಿದರೆ ಪ್ರಮಾಣವನ್ನು ಇಳಿಸುವ ಅಥವಾ ನಿಲ್ಲಿಸುವ ಯೋಚನೆ ಬರುತ್ತದೆ. 800ರ ಆಚೆ ಹೋದರೆ ಮೇದೋಜೀರಕ ಗ್ರಂಥಿಯ ಉರಿಯೂತದ ಭಯವಿರುವುದರಿಂದ ನಿಲ್ಲಿಸಲೇಬೇಕು. ಹೊಟ್ಟೆಯ ಮೇಲ್ಭಾಗದಿಂದ ಬೆನ್ನಿಗೆ ಹರಿಯುವ ತೀವ್ರ ನೋವು, ವಾಂತಿ ಅದರ ಲಕ್ಷಣ.

ಎರಡನೆಯದು ಪಿತ್ತಜನಕಾಂಗದ ಪರೀಕ್ಷೆ. ವರದಿಯಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಎರಡು ಅಂಕಿಗಳಿರುತ್ತವೆ. ಎಸ್‌ಜಿಒಟಿ ಸ್ನಾಯುಗಳಲ್ಲಿಯೂ ಇರುವಂಥದು. ಇಡೀ ದಿನ ನಾಟಿ ಮಾಡಿದವರಲ್ಲಿ, ವ್ಯಾಯಾಮಶಾಲೆಯಲ್ಲಿ ಭಾರ ಎತ್ತಿದ ಹುಡುಗರಲ್ಲಿ ಅದು ಪಿತ್ತಜನಕಾಂಗಕ್ಕೆ ಏನೂ ಆಗದೆಯೇ ಏರಬಹುದು. ಆದ್ದರಿಂದ ಪರೀಕ್ಷೆಗೆ ಮೊದಲು ಎರಡು ಮೂರು ದಿನ ಭಾರಿ ಕೆಲಸ ಬೇಡ. ಎಸ್‌ಜಿಪಿಟಿ ಸಾಮಾನ್ಯ ಮಿತಿಯ ಮೂರು ಪಟ್ಟು ಮೀರಿದರೆ ಔಷಧವನ್ನು ನಿಲ್ಲಿಸಿ ಕಾರಣ ಹುಡುಕುತ್ತಾರೆ. ಮದ್ಯಪಾನವಂತೂ ಸಂಪೂರ್ಣ ವರ್ಜ್ಯ. ಕಣ್ಣು ಹಳದಿಯಾಗುವುದು, ಮೂತ್ರ ಗಾಢವಾಗುವುದು ಕಂಡರೆ ಮುಂದಿನ ಭೇಟಿಯವರೆಗೆ ಕಾಯಬಾರದು.

ಮನಸ್ಸಿನ ಕಡೆಗೂ ಗಮನ

ಈ ಔಷಧ ಖಿನ್ನತೆಯನ್ನು ತರುತ್ತದೆಯೇ ಎಂಬ ಪ್ರಶ್ನೆ ದಶಕಗಳಿಂದ ಚರ್ಚೆಯಲ್ಲಿದೆ. ಬಹಳ ಜನರನ್ನು ಒಳಗೊಂಡ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸೇವಿಸಿದವರಲ್ಲಿ ಖಿನ್ನತೆಯಾಗಲಿ ಆತ್ಮಹತ್ಯೆಯಾಗಲಿ ಒಟ್ಟಾರೆ ಹೆಚ್ಚಿದುದು ಕಂಡುಬಂದಿಲ್ಲ. ಮುಖ ತಿಳಿಯಾದಂತೆ ಹಲವರ ಮನಸ್ಸೂ ತಿಳಿಯಾಗುತ್ತದೆ, ಏಕೆಂದರೆ ತೀವ್ರ ಮೊಡವೆಯೇ ಮನಸ್ಸನ್ನು ಕುಗ್ಗಿಸುವ ಕಾಯಿಲೆ. ಆದರೆ ಒಟ್ಟು ಲೆಕ್ಕ ಸರಿಯಿದೆಯೆಂದ ಮಾತ್ರಕ್ಕೆ ನಿಮ್ಮ ಮಗಳೊಬ್ಬಳಿಗೆ ತೊಂದರೆಯಾಗದು ಎಂದು ಹೇಳಲಾಗದು. ಕೆಲವೇ ಕೆಲವರಲ್ಲಿ ಔಷಧ ಆರಂಭಿಸಿದ ಮೇಲೆ ಮನಸ್ಸು ಕುಸಿದು, ನಿಲ್ಲಿಸಿದ ಮೇಲೆ ಸರಿಹೋದ ವರದಿಗಳಿವೆ.

ಹಿಂದೆ ಖಿನ್ನತೆಗೆ ಚಿಕಿತ್ಸೆ ಪಡೆದಿದ್ದರೆ, ಮನೆಯಲ್ಲಿ ಯಾರಿಗಾದರೂ ಅಂತಹ ಕಾಯಿಲೆ ಇದ್ದರೆ ಮೊದಲ ಭೇಟಿಯಲ್ಲೇ ಹೇಳಬೇಕು. ಸಂಬಂಧ ಕೂಡಿಬರುವುದು ತಪ್ಪೀತೆಂದು ಇದನ್ನು ಮರೆಮಾಚುವುದುಂಟು. ವೈದ್ಯರಿಗೆ ಹೇಳಿದ್ದು ಬೀಗರ ಕಿವಿಗೆ ಹೋಗುವುದಿಲ್ಲ. ಬದಲಾವಣೆಯನ್ನು ಮೊದಲು ಕಾಣುವವರು ಮನೆಯವರೇ. ರಾತ್ರಿ ನಿದ್ದೆ ಬಾರದಿರುವುದು, ಕಾರಣವಿಲ್ಲದೆ ಅಳುವುದು, ಸಿಡುಕುವುದು, ಗೆಳತಿಯರ ಕರೆಗೂ ಉತ್ತರಿಸದೆ ಕೋಣೆ ಸೇರುವುದು ಎರಡು ವಾರ ಮುಂದುವರಿದರೆ ವೈದ್ಯರಿಗೆ ತಿಳಿಸಿ. ಬದುಕು ಬೇಡವೆಂಬ ಮಾತು ಒಮ್ಮೆ ಬಂದರೂ ಅಂದೇ ಗುಳಿಗೆಯನ್ನು ನಿಲ್ಲಿಸಿ, ಅವಳನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು.

ಎಲ್ಲಿಗೆ ಹೋಗಬೇಕು?

ಮೈಸೂರಿನ ಕೆ.ಆರ್. ಆಸ್ಪತ್ರೆ ಮತ್ತು ಜೆಎಸ್ಎಸ್ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ರಕ್ತಪರೀಕ್ಷೆಯನ್ನು ನಂಜನಗೂಡು ಅಥವಾ ತಿ. ನರಸೀಪುರದಲ್ಲಿಯೇ ಬೆಳಗಿನ ಉಪಾಹಾರಕ್ಕೆ ಮೊದಲು ಮಾಡಿಸಿ, ವರದಿಯನ್ನು ಭೇಟಿಗೆ ಒಯ್ಯಬಹುದು. ಇದರಿಂದ ಉಪವಾಸದಲ್ಲಿ ಬಸ್ಸಿನ ಪ್ರಯಾಣ ತಪ್ಪುತ್ತದೆ. ಒಂದು ತಿಂಗಳಿಗಿಂತ ಹೆಚ್ಚಿನ ಗುಳಿಗೆಗಳನ್ನು ಒಮ್ಮೆಲೇ ಕೊಳ್ಳಬಾರದು, ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ತರಿಸಿಕೊಳ್ಳಲೂಬಾರದು.

ಮೊದಲ ಭೇಟಿಯಲ್ಲಿ ವೈದ್ಯರು ದಿನಾಂಕಗಳನ್ನು ಬರೆದುಕೊಟ್ಟಾಗ, ಮನೆಗೆ ಬಂದು ಕ್ಯಾಲೆಂಡರಿನಲ್ಲಿ ಎರಡು ದಿನಗಳನ್ನು ಗುರುತು ಮಾಡಿ: ಕೊನೆಯ ಗುಳಿಗೆಯ ದಿನ, ಅದರ ಮುಂದಿನ ಒಂದು ತಿಂಗಳು ಮುಗಿಯುವ ದಿನ. ಮುಹೂರ್ತ ನೋಡಿಸುವಾಗ ಪಂಚಾಂಗದ ಪಕ್ಕದಲ್ಲಿ ಆ ಕ್ಯಾಲೆಂಡರೂ ಇರಲಿ.